ಮೇ ತಿಂಗಳ ಶಿಲ್ಕನ್ನು ನಂಬಬೇಡಿ: ವರ್ಕ್‌ಶಾಪಿನ ನಗದು ಮುನ್ನೋಟ, ನನ್ನ ಅನುಭವ

ಪೀಣ್ಯದಲ್ಲಿ ಐದು ಸಿಎನ್‌ಸಿ ಯಂತ್ರ, ಹನ್ನೊಂದು ಜನ ಇರುವ ವರ್ಕ್‌ಶಾಪಿಗೆ ನಾನು ಹಾಕಿಕೊಂಡಿರುವ ಹಾಳೆಯ ವಿವರ ಇದು. ಈ ತಿಂಗಳ ಆಖೈರು ಶಿಲ್ಕು ಮುಂದಿನ ತಿಂಗಳ ಆರಂಭಿಕ ಶಿಲ್ಕಾಗಿ ಹೋಗುತ್ತದೆ. ಹೀಗೆ ನಾಲ್ಕು ತಿಂಗಳು. ಟ್ಯಾಲಿಯಲ್ಲಿ ಎಲ್ಲ ಇದೆಯಲ್ಲ, ಮತ್ತೆ ಇದೇಕೆ ಎಂದು ಆಡಿಟರ್ ಮೊದಲುಗೊಂಡು ಎಲ್ಲರೂ ಕೇಳಿದರು. ಈಗ ಮೂರು ತಿಂಗಳು ಮುಂಚೆ ಬರೆದ ಶಿಲ್ಕಿಗೂ ಬ್ಯಾಂಕಿನಲ್ಲಿ ಕೊನೆಗೆ ಉಳಿದ ಹಣಕ್ಕೂ ವ್ಯತ್ಯಾಸ ಹೆಚ್ಚೆಂದರೆ ಐವತ್ತು ಅರವತ್ತು ಸಾವಿರ. ತಿಂಗಳಿಗೆ ಹತ್ತು ಹನ್ನೆರಡು ಲಕ್ಷದ ಬಿಲ್ ಮಾಡುವ ಜಾಗಕ್ಕೆ ಇದು ಒಳ್ಳೆಯ ಫಲಿತಾಂಶ ಎಂದು ಧೈರ್ಯವಾಗಿ ಹೇಳುತ್ತೇನೆ.

ಮೊದಲ ಎರಡು ಪ್ರಯತ್ನ ಕೆಟ್ಟದ್ದು ಒಂದೇ ಒಂದು ಸಾಲಿನಿಂದ, ವಸೂಲಿ ಸಾಲಿನಿಂದ. ಪರ್ಚೇಸ್ ಆರ್ಡರಿನಲ್ಲಿ 45 ದಿನ ಎಂದಿದ್ದರೆ ಹಾಳೆಯಲ್ಲೂ 45 ದಿನ ಎಂದೇ ಹಾಕಿದ್ದೆ. ಆದರೆ ದೊಡ್ಡ ಪಾರ್ಟಿಗಳು ದಿನ ಎಣಿಸುವುದು ನಮ್ಮ ಬಿಲ್ ತಾರೀಖಿನಿಂದ ಅಲ್ಲ, ಮಾಲು ತಪಾಸಣೆಯಾಗಿ ಅವರು ಸ್ವೀಕೃತಿ ಪತ್ರ, ಅಂದರೆ ಜಿಆರ್‌ಎನ್ ಹಾಕಿದ ದಿನದಿಂದ. ಅದರ ಮೇಲೆ ಪೇಮೆಂಟ್ ಬಿಡುವುದು ತಿಂಗಳಿಗೆ ಒಂದೋ ಎರಡೋ ಸಲ. 28ನೇ ತಾರೀಖಿನ ಬಿಲ್ ಅವರ ಪುಸ್ತಕದಲ್ಲಿ ಮುಂದಿನ ತಿಂಗಳ ಬಿಲ್. ಆದ್ದರಿಂದ 25ರ ನಂತರದ ಬಿಲ್‌ಗಳನ್ನೆಲ್ಲ ಮುಂದಿನ ತಿಂಗಳಿಗೇ ಸೇರಿಸಿ ಬರೆಯುತ್ತೇನೆ. ಇದೊಂದನ್ನು ಮಾಡಿದ ಮೇಲೆ ತಪ್ಪು ಅರ್ಧಕ್ಕೆ ಇಳಿಯಿತು.

ಶೇಕಡಾವಾರು ಎಲ್ಲಿಂದ ತರಬೇಕು ಎಂದರೆ, ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ. ಬಂದ ಪ್ರತಿ ಮೊತ್ತದ ಪಕ್ಕದಲ್ಲಿ ಅದು ಯಾವ ತಿಂಗಳ ಬಿಲ್ಲಿನದು ಎಂದು ಬರೆದು, ಅದೇ ತಿಂಗಳು ಎಷ್ಟು, ಒಂದು ತಿಂಗಳ ನಂತರ ಎಷ್ಟು, ಎರಡು ತಿಂಗಳ ನಂತರ ಎಷ್ಟು ಎಂದು ಕೂಡಿಸಬೇಕು. ಎರಡು ಸಂಜೆಯ ಕೆಲಸ. ನನಗೆ ಸುಮಾರು 10, 30, 60 ಬಂತು. ಸರಳವಾಗಿರಲಿ ಎಂದು ಇಲ್ಲಿ ನೂರಕ್ಕೆ ನೂರು ಇಟ್ಟಿದ್ದೇನೆ. ನಿಜವಾದ ಹಾಳೆಯಲ್ಲಿ ಮೊತ್ತ 97–98, ಏಕೆಂದರೆ ರಿಜೆಕ್ಷನ್‌ಗೆ ಬರುವ ಡೆಬಿಟ್ ನೋಟಿನ ಹಣ ಮತ್ತೆ ಬರುವುದಿಲ್ಲ. ಪಾರ್ಟಿವಾರು ಈ ಅಂಕಿಗಳನ್ನು ಹೇಗೆ ಏರಿಳಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಳಿಯೇ ಇರಲಿ.

ಹಾಳೆಯಲ್ಲಿ B ಫೆಬ್ರವರಿ, C ಮಾರ್ಚ್, D ಏಪ್ರಿಲ್, ಹೀಗೆ G ಜುಲೈವರೆಗೆ. ಮೊದಲ ಎರಡು ಕಾಲಂ ಹಳೆಯ ಬಿಲ್‌ಗಳಿಗಷ್ಟೇ. ಸಾಲು 2 ಜಿಎಸ್‌ಟಿ ಸೇರಿದ ಬಿಲ್ ಮೊತ್ತ, 4 ಆರಂಭಿಕ ಶಿಲ್ಕು, 6 ವಸೂಲಿ, 9 ಒಟ್ಟು ಜಮಾ, 19 ಒಟ್ಟು ಖರ್ಚು, 20 ಆಖೈರು ಶಿಲ್ಕು. ಸಾಲು 22 ಖಾಲಿ. ತಿಂಗಳು ಮುಗಿದ ಮೇಲೆ ನಿಜವಾದ ಶಿಲ್ಕು ಬರೆಯಲು.

```
D6:  =D2*10%+C2*30%+B2*60%
D20: =D4+D9-D19
E4:  =IF(D22="",D20,D22)
```

ಕೈಯಿಂದ ಬರೆಯುವ ಆರಂಭಿಕ ಶಿಲ್ಕು ಒಂದೇ, D4. ಉಳಿದ ಆರಂಭಗಳೆಲ್ಲ ಹಿಂದಿನ ಕಾಲಂನಿಂದ ತಾವೇ ಬರುತ್ತವೆ. ನಡುವೆ ಎಲ್ಲಾದರೂ ಒಂದು ಆರಂಭಿಕ ಶಿಲ್ಕನ್ನು ಕೈಯಿಂದ ಬರೆದರೆ ಸರಪಳಿ ಅಲ್ಲೇ ಕಡಿಯುತ್ತದೆ. ಹಿಂದಿನ ತಿಂಗಳು ಏನೇ ಬದಲಾದರೂ ಮುಂದಿನ ಅಂಕಿ ಅಲುಗಾಡುವುದಿಲ್ಲ, ನೋಡುವವರಿಗೆ ಗೊತ್ತಾಗುವುದೂ ಇಲ್ಲ. ಅದನ್ನು ಹಿಡಿಯಲು ಕೊನೆಯಲ್ಲಿ ಒಂದು ಕೋಶ ಇಟ್ಟಿದ್ದೇನೆ:

```
=D4+SUM(D9:G9)-SUM(D19:G19)-G20
```

ಸಾಲು 22 ಖಾಲಿ ಇರುವವರೆಗೆ ಇದು ಸೊನ್ನೆ ತೋರಿಸಬೇಕು. ನಿಜವಾದ ಶಿಲ್ಕು ತುಂಬುತ್ತಾ ಹೋದಂತೆ, ಅಂದಾಜು ಒಟ್ಟಾರೆ ಎಷ್ಟು ತಪ್ಪಿತು ಎಂಬುದನ್ನು ಇದೇ ಕೋಶ ತೋರಿಸುತ್ತದೆ. ಬಲತುದಿಯಲ್ಲಿ ಒಟ್ಟು ಕಾಲಂ ಹಾಕುವವರು ಶಿಲ್ಕಿನ ಸಾಲುಗಳನ್ನು ಕೂಡಿಸಬಾರದು. ಅಲ್ಲಿ ಆರಂಭಿಕ ಶಿಲ್ಕು ಎಂದರೆ ಏಪ್ರಿಲಿನದು, ಆಖೈರು ಎಂದರೆ ಜುಲೈನದು.

D4ನಲ್ಲೇ ಎಡವುವವರು ಬಹಳ ಜನ. ಓವರ್‌ಡ್ರಾಫ್ಟ್, ಅಂದರೆ ಓಡಿ ಖಾತೆಯಲ್ಲಿ ಮಿತಿ 5 ಲಕ್ಷ, ಅದರಲ್ಲಿ 1.2 ಲಕ್ಷ ಬಳಸಿದ್ದರೆ ಬ್ಯಾಂಕಿನ ಆ್ಯಪ್ 3.8 ಲಕ್ಷ ಲಭ್ಯ ಎಂದು ತೋರಿಸುತ್ತದೆ. ಹಾಳೆಗೆ ಹೋಗಬೇಕಾದದ್ದು ಮೈನಸ್ 1.2. ಲಭ್ಯ ಮೊತ್ತವನ್ನು ಬರೆದರೆ ಮೊದಲ ದಿನವೇ 5 ಲಕ್ಷದ ಸುಳ್ಳು ಸೇರಿ, ನಾಲ್ಕೂ ತಿಂಗಳಿಗೆ ಹರಿದು ಹೋಗುತ್ತದೆ. ಮಿತಿಯನ್ನು ಮೈನಸ್ ಅಂಕಿಯಾಗಿ ಬೇರೆ ಸಾಲಿನಲ್ಲಿ ಇಟ್ಟು, ಆಖೈರು ಶಿಲ್ಕು ಅದಕ್ಕಿಂತ ಕೆಳಗೆ ಇಳಿದರೆ ಕೆಂಪಾಗುವಂತೆ ಮಾಡಿ.

ಈಗ ಒಂದು ಉದಾಹರಣೆ ನೋಡಿ. ಸ್ವಂತ ಮಾಲು ಹಾಕಿ ಮಾಡುವ ಬಿಡಿಭಾಗ, ಜಿಎಸ್‌ಟಿ 18. ತೆರಿಗೆ ಬಿಟ್ಟು ಬಿಲ್ ಫೆಬ್ರವರಿ 10 ಲಕ್ಷ, ವರ್ಷಾಂತ್ಯದ ನೂಕುನುಗ್ಗಲಿನ ಮಾರ್ಚ್ 14, ಏಪ್ರಿಲ್ 8, ಮೇ 10, ಜೂನ್ 11, ಜುಲೈ 12. ಬಟವಾಡೆ, ಪಿಎಫ್, ಬಾಡಿಗೆ, ಕರೆಂಟು, ಯಂತ್ರದ ಕಂತು, ಟೂಲ್ಸ್ ಎಲ್ಲ ಸೇರಿ ತಿಂಗಳಿಗೆ ಸುಮಾರು 7.2. ಮಾಲು ಬಿಲ್ಲಿನ 35 ಶೇಕಡಾ, ಅದರ ಹಣ ಜಿಎಸ್‌ಟಿ ಸಹಿತ ಮುಂದಿನ ತಿಂಗಳು ಕೊಡಬೇಕು. ಈ ತಿಂಗಳ ಮಾರಾಟದ ಜಿಎಸ್‌ಟಿಯೂ, ಮಾಲಿನ ಮೇಲೆ ಕಟ್ಟಿದ್ದನ್ನು ಕಳೆದು, ಮುಂದಿನ ತಿಂಗಳ 20ಕ್ಕೆ. ಜೂನಿನಲ್ಲಿ ಮುಂಗಡ ತೆರಿಗೆ 0.3, ವಿಮೆ 0.6. ಅಂಕಿಗಳು ಲಕ್ಷದಲ್ಲಿ:

| ತಿಂಗಳು | ಆರಂಭ | ಜಮಾ | ಖರ್ಚು | ಆಖೈರು |
|---|---|---|---|---|
| ಏಪ್ರಿಲ್ | 3.1 | 13.0 | 14.6 | 1.5 |
| ಮೇ | 1.5 | 13.9 | 11.4 | 4.0 |
| ಜೂನ್ | 4.0 | 10.5 | 13.4 | 1.1 |
| ಜುಲೈ | 1.1 | 12.4 | 13.0 | 0.5 |

ಏಪ್ರಿಲಿನಲ್ಲಿ ಬಿಲ್ ಕಡಿಮೆ, ಆದರೂ ಖರ್ಚು ಅತಿ ಹೆಚ್ಚು. ಮಾರ್ಚಿನಲ್ಲಿ ತಂದ ಮಾಲಿನ 5.8 ಮತ್ತು ಮಾರ್ಚಿನ ಜಿಎಸ್‌ಟಿ 1.6 ಎರಡೂ ಅಲ್ಲಿಗೆ ಬಂದು ಬೀಳುತ್ತವೆ. ಮಾರ್ಚಿನ ಬಿಲ್‌ಗಳ ಅರವತ್ತು ಭಾಗ ಕೈಗೆ ಬರುವುದೇ ಮೇನಲ್ಲಿ. ಸಿಗದ ಹಣದ ಮೇಲೆ ತೆರಿಗೆಯನ್ನು ಒಂದು ತಿಂಗಳು ಮೊದಲೇ ಕಟ್ಟಿರುತ್ತೇವೆ. ಮೇನಲ್ಲಿ ಮಾಲಿಗೆ ಕೊಡಬೇಕಾದದ್ದು ಏಪ್ರಿಲಿನ ಕಡಿಮೆ ಕೆಲಸದ್ದು ಮಾತ್ರ. ಆದ್ದರಿಂದಲೇ ಮೇ ಕೊನೆಗೆ 4 ಲಕ್ಷ ನಿಲ್ಲುತ್ತದೆ, ಹೊಸ ಯಂತ್ರಕ್ಕೆ 3 ಲಕ್ಷ ಮುಂಗಡ ಕೊಡುವ ಆಸೆ ಹುಟ್ಟುವುದೂ ಆಗಲೇ.

ಆ 3 ಲಕ್ಷವನ್ನು ಹಾಳೆಯಲ್ಲಿ ಮೇ ಖರ್ಚಿಗೆ ಹಾಕಿ ನೋಡಿ: ಮೇ ಶಿಲ್ಕು 1.0, ಜೂನ್ ಮೈನಸ್ 1.9, ಜುಲೈ ಮೈನಸ್ 2.5. ಇನ್ನೊಂದು ಪ್ರಯೋಗ, ಮುಂಗಡ ಬೇಡ, ಬದಲಿಗೆ ದೊಡ್ಡ ಪಾರ್ಟಿಯೊಂದು ಮೇನಲ್ಲಿ ಕೊಡಬೇಕಾದ 4 ಲಕ್ಷವನ್ನು ಜೂನಿಗೆ ತಳ್ಳಿತು ಎನ್ನಿ. ಮೇ ಶಿಲ್ಕು ಸೊನ್ನೆಗೆ ಬರುತ್ತದೆ, ಜೂನ್ ಮತ್ತೆ 1.1ಕ್ಕೇ ನಿಲ್ಲುತ್ತದೆ. ತಡವಾದ ವಸೂಲಿ ಒಂದು ತಿಂಗಳ ಗಾಯ. ಕೊಟ್ಟ ಮುಂಗಡ ಮುಂದಿನ ಪ್ರತಿಯೊಂದು ಆರಂಭಿಕ ಶಿಲ್ಕಿನಲ್ಲೂ ಕೂತಿರುತ್ತದೆ. ತಡವಾದ ವಸೂಲಿಗೆ ಓಡಿ ಸಾಕು. ಮುಂಗಡವನ್ನು ಓಡಿಯಿಂದ ತುಂಬಲು ಹೋದರೆ ಮಿತಿ ಅಲ್ಲೇ ಸಿಕ್ಕಿಕೊಂಡು, ಪಾರ್ಟಿ ತಡ ಮಾಡಿದ ತಿಂಗಳು ಆಧಾರವೇ ಇರುವುದಿಲ್ಲ. ಹೀಗಾಗಿ ಯಂತ್ರದ ಮುಂಗಡಕ್ಕೆ ಅವಧಿ ಸಾಲವನ್ನೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಓಡಿ ಬಡ್ಡಿಯ ಸಾಲಿನಲ್ಲಿ ಒಂದು ತೊಡಕು ಇದೆ. ಬಡ್ಡಿಯನ್ನು ಅದೇ ತಿಂಗಳ ಆಖೈರು ಶಿಲ್ಕಿನ ಮೇಲೆ ಹಾಕಿದರೆ, ಬಡ್ಡಿಗೆ ಶಿಲ್ಕು ಬೇಕು, ಶಿಲ್ಕಿಗೆ ಬಡ್ಡಿ ಬೇಕು. ಲೆಕ್ಕ ಸುತ್ತು ಹೊಡೆಯುತ್ತದೆ. ಲಿಬ್ರೆ ಆಫೀಸ್ `Err:522` ಎನ್ನುತ್ತದೆ, ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ. ಸೆಟ್ಟಿಂಗ್‌ನಲ್ಲಿ ಪುನರಾವರ್ತಿತ ಲೆಕ್ಕ ಆನ್ ಮಾಡಿ ಎಚ್ಚರಿಕೆಯನ್ನು ಬಾಯಿ ಮುಚ್ಚಿಸುವವರಿದ್ದಾರೆ; ಹಾಗೆ ಮಾಡಿದರೆ ಮುಂದೆ ನಿಜವಾದ ತಪ್ಪು ಸುತ್ತು ಬಂದರೂ ಕಾಣುವುದಿಲ್ಲ. ನಾನು ಆರಂಭಿಕ ಶಿಲ್ಕಿನ ಮೇಲೆ ಹಾಕುತ್ತೇನೆ:

```
=IF(E4<0,-E4*11%/12,0)
```

ಮೈನಸ್ 1.9 ಲಕ್ಷಕ್ಕೆ ತಿಂಗಳಿಗೆ ಸುಮಾರು 1,700 ರೂಪಾಯಿ. ಅಷ್ಟು ಸಣ್ಣ ಮೊತ್ತಕ್ಕೆ ದಿನದ ಲೆಕ್ಕ ಬೇಡ.

ಸಾಲು 22ರಲ್ಲಿ ಏನು ಬರೆಯಬೇಕು ಎಂಬುದು ಅಂದುಕೊಂಡಷ್ಟು ಸುಲಭವಲ್ಲ. 30ಕ್ಕೆ ಮಾಲಿನವರಿಗೆ ಕೊಟ್ಟ ಚೆಕ್ 3ಕ್ಕೆ ಪಾಸಾದರೆ, ತಿಂಗಳ ಕೊನೆಯ ಸ್ಟೇಟ್‌ಮೆಂಟಿನಲ್ಲಿ ಆ ಹಣ ಇನ್ನೂ ಇದೆ. ಅದನ್ನೇ ಬರೆದರೆ ಮುಂದಿನ ತಿಂಗಳ ಆರಂಭ ಉಬ್ಬಿರುತ್ತದೆ, ಚೆಕ್ ಮಾತ್ರ ಮುಂದಿನ ಯಾವ ತಿಂಗಳ ಖರ್ಚಿನಲ್ಲೂ ಇರುವುದಿಲ್ಲ, ಏಕೆಂದರೆ ಅದು ಹಿಂದಿನ ತಿಂಗಳಲ್ಲೇ ಬರೆದಾಗಿದೆ. ಬ್ಯಾಂಕಿನ ಶಿಲ್ಕಿನಿಂದ ಪಾಸಾಗದ ಚೆಕ್‌ಗಳನ್ನು ಕಳೆದು, ಕೈಯಲ್ಲಿರುವ ನಗದು ಸೇರಿಸಿ, ಆಮೇಲೆ ಬರೆಯಬೇಕು. ಯುಪಿಐ, ನೆಫ್ಟ್ ಮಾತ್ರ ಬಳಸುವವರಿಗೆ ಈ ತಲೆನೋವಿಲ್ಲ.

ಮಾರ್ಚ್ ತಿಂಗಳ ಶೇಕಡಾವಾರು ಮಾತ್ರ ಬೇರೆ ಇಡಬೇಕಾಯಿತು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನದೊಳಗೆ ಹಣ ಕೊಡದಿದ್ದರೆ, ಕೊಳ್ಳುವವರಿಗೆ ಆ ಖರ್ಚು ಹಣ ಕೊಟ್ಟ ವರ್ಷದಲ್ಲಷ್ಟೇ ಸಿಗುತ್ತದೆ. ಹಾಗಾಗಿ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ, ಫೆಬ್ರವರಿಯಲ್ಲೇ ಬಾಕಿ ಪಟ್ಟಿ ಕಳಿಸುತ್ತೇನೆ. ಮಾರ್ಚ್ ಕೊನೆಯ ವಾರ ಹಳೆಯ ಬಾಕಿ ಕರಗುತ್ತದೆ, ಅಷ್ಟೇ ಮೊತ್ತ ಏಪ್ರಿಲಿನಲ್ಲಿ ಬರುವುದಿಲ್ಲ. ಮಾರ್ಚಿನ ಖುಷಿಯನ್ನು ಏಪ್ರಿಲಿಗೂ ಎಳೆದು ಬರೆಯಬಾರದು.

ಕೊನೆಯದಾಗಿ, ತಿಂಗಳ ಹಾಳೆಗೆ ಕಾಣದ್ದು ತಿಂಗಳ ಒಳಗಿನ ತಗ್ಗು. ಮೇಲಿನ ಜೂನ್ ನೋಡಿ: 4.0ರಿಂದ ಶುರು, 1.1ಕ್ಕೆ ಮುಕ್ತಾಯ, ಎಲ್ಲೂ ಮೈನಸ್ ಇಲ್ಲ. ಆದರೆ 5ಕ್ಕೆ ಕಂತು 1.6, 7ಕ್ಕೆ ಬಟವಾಡೆ 3.2, ಬಾಡಿಗೆ 0.9, ಒಟ್ಟು 5.7 ಹೋಗುತ್ತದೆ, ಅಷ್ಟರೊಳಗೆ ಬರುವ ವಸೂಲಿ ಸುಮಾರು 1.5. ಎಂಟನೇ ತಾರೀಖಿಗೆ ಖಾತೆ ಮೈನಸ್ 0.2. ಓಡಿ ಇಲ್ಲದವರಿಗೆ ಬಟವಾಡೆಗೋ ಬಾಡಿಗೆಗೋ ಹಣ ಸಾಲದೆ ಹೋಗುವುದು ಇಂಥ ತಿಂಗಳಲ್ಲೇ. ದಿನವಾರು ಹಾಳೆ ಮಾಡಿ ನೋಡಿದೆ, ಎರಡು ವಾರಕ್ಕೆ ಕೈಬಿಟ್ಟೆ. ಬರೆಯುವುದೇ ಕೆಲಸವಾಯಿತು, ನಿಖರತೆ ಹೆಚ್ಚಲಿಲ್ಲ. ಈಗ ಹತ್ತಿರದ ಎರಡು ತಿಂಗಳನ್ನಷ್ಟೇ 1–10, 11–20, 21ರಿಂದ ಕೊನೆ ಎಂದು ಮೂರು ಕಾಲಂ ಮಾಡಿದ್ದೇನೆ. ಸೂತ್ರ ಅದೇ, ಹತ್ತು ದಿನದ ಆಖೈರು ಮುಂದಿನ ಹತ್ತು ದಿನದ ಆರಂಭ. ಮೊದಲ ಕಾಲಂ ಕೆಂಪಾದರೆ ಮಾಲಿನವರ ಚೆಕ್ ತಾರೀಖನ್ನು 22ಕ್ಕೆ ಸರಿಸಲು ಹದಿನೈದು ದಿನ ಮುಂಚೆಯೇ ಕೇಳುತ್ತೇನೆ. ಅಷ್ಟು ಮುಂಚೆ ಕೇಳಿದರೆ ಅವರೂ ಸಾಮಾನ್ಯವಾಗಿ ಒಪ್ಪುತ್ತಾರೆ.