ಉಡುಗೊರೆ ಡಾಕ್ಟ್ರಿಗೆ, ಲೆಕ್ಕ ನಮ್ಮ ಕೌಂಟರ್‌ನಲ್ಲಿ

ನಾನು ಫಾರ್ಮಾಸಿಸ್ಟ್. ಒಂದು ತಾಲ್ಲೂಕು ಊರಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಪಕ್ಕದಲ್ಲೇ ಒಬ್ಬ ಫಿಜಿಶಿಯನ್ ಅವರ ಕ್ಲಿನಿಕ್ ಇದೆ. ನನ್ನ ಅಂಗಡಿಗೆ ಬರುವ ಚೀಟಿಗಳಲ್ಲಿ ಬಹುಪಾಲು ಅವರದ್ದೇ. ಔಷಧ ಕಂಪನಿಗಳು ಕೊಡುವ ಸ್ಯಾಂಪಲ್, ಗಿಫ್ಟ್ ಅಂದ ತಕ್ಷಣ ಜನ ಡಾಕ್ಟ್ರ ಕಡೆ ಬೆರಳು ತೋರಿಸುತ್ತಾರೆ. ಆದರೆ ಈ ವ್ಯವಹಾರದ ಅರ್ಧ ನಡೆಯುವುದು ಮೆಡಿಕಲ್ ಕೌಂಟರ್‌ನಲ್ಲಿ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿ ಒಬ್ಬ ಡಾಕ್ಟ್ರಿಗೆ ಏನಾದರೂ ಕೊಟ್ಟಿತು ಅಂದುಕೊಳ್ಳಿ. ಅವರು ಆ ಬ್ರ್ಯಾಂಡ್ ಬರೆಯುತ್ತಿದ್ದಾರೋ ಇಲ್ಲವೋ ಅಂತ ಕಂಪನಿಗೆ ಗೊತ್ತಾಗಬೇಕಲ್ವಾ? ಡಾಕ್ಟ್ರನ್ನೇ ಕೇಳಿದರೆ ‘ಬರೀತಿದ್ದೀನಪ್ಪಾ’ ಅಂದುಬಿಡುತ್ತಾರೆ. ಹಾಗಾಗಿ ಕಂಪನಿಯ ಪ್ರತಿನಿಧಿ, ಅಂದರೆ ರೆಪ್, ನಮ್ಮ ಅಂಗಡಿಗೆ ಬರುತ್ತಾರೆ. "ಅಣ್ಣಾ, ಡಾಕ್ಟ್ರು ಈ ವಾರ ನಮ್ಮ ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ಬರೆದ್ರು? ಬೇರೆ ಕಂಪನಿದು ಎಷ್ಟು ಹೋಯ್ತು?" ಅಂತ ಕೇಳಿ ಬರೆದುಕೊಳ್ಳುತ್ತಾರೆ. ಕೆಲವರು ಬಿಲ್ ಪುಸ್ತಕವನ್ನೇ ಕೇಳುತ್ತಾರೆ. ಕಂಪ್ಯೂಟರ್ ಇದ್ದರೆ ಡಾಕ್ಟ್ರ ಹೆಸರು ಹಾಕಿ ರಿಪೋರ್ಟ್ ತೆಗೆದುಕೊಡಿ ಅನ್ನುತ್ತಾರೆ. ಅವರ ಮಾತಿನಲ್ಲಿ ಇದಕ್ಕೆ ಆರ್‌ಸಿಪಿಎ ಅಂತ ಹೆಸರು. ಇದು ಅವರ ದಿನನಿತ್ಯದ ಕೆಲಸ, ಇದರ ವರದಿ ಮೇಲಿನವರಿಗೆ ಹೋಗಲೇಬೇಕು.

ಈ ಲೆಕ್ಕ ಸಿಕ್ಕಿದ ಮೇಲೆ ಏನಾಗುತ್ತದೆ ನೋಡಿ. ಮುಂದಿನ ಸಲ ರೆಪ್ ಡಾಕ್ಟ್ರ ಮುಂದೆ ಕೂತಾಗ "ಸರ್, ಹೋದ ತಿಂಗಳಿಗಿಂತ ಸ್ವಲ್ಪ ಕಮ್ಮಿ ಆಗಿದೆ, ಸಪೋರ್ಟ್ ಮಾಡಿ" ಅನ್ನುತ್ತಾರೆ. ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ನಿಲ್ಲಿಸಬೇಕು ಅನ್ನುವುದೂ ಇದರಿಂದಲೇ ತೀರ್ಮಾನ ಆಗುತ್ತದೆ. ಅಂದರೆ ಡಾಕ್ಟ್ರ ಮೇಲೆ ಬೀಳುವ ಒತ್ತಡವನ್ನು ಅಳೆದು ಕೊಡುವವರು ನಾವು. ನಮ್ಮಿಂದ ಲೆಕ್ಕ ಹೋಗದಿದ್ದರೆ ಉಡುಗೊರೆಯ ಬಲ ತುಂಬಾ ಕುಗ್ಗುತ್ತದೆ.

ಹಾಗಾಗಿ ನಾನು ಯಾವ ಕಂಪನಿಗೂ ಡಾಕ್ಟ್ರ ಹೆಸರಿನ ಲೆಕ್ಕ ಕೊಡುವುದಿಲ್ಲ. ಬಿಲ್‌ನಲ್ಲಿ ರೋಗಿಯ ಹೆಸರು, ಮಾತ್ರೆ ಎರಡೂ ಇರುತ್ತವೆ. ಅದು ರೋಗಿಯ ಗುಟ್ಟು, ತೋರಿಸುವ ಹಕ್ಕು ನನಗಿಲ್ಲ. ಆದರೆ ಬರೀ ‘ಇಲ್ಲ’ ಅಂದರೆ ಆ ರೆಪ್ ಹುಡುಗರಿಗೆ ಕಷ್ಟ. ಪಕ್ಕದಲ್ಲಿ ಮ್ಯಾನೇಜರ್ ನಿಂತಿರುತ್ತಾರೆ. ಅದಕ್ಕೆ ನಾನು ಕೊಡಬಹುದಾದದ್ದನ್ನು ಕೊಡುತ್ತೇನೆ: ನಿಮ್ಮ ಮಾಲು ಸ್ಟಾಕ್ ಇದೆಯಾ, ಯಾವುದು ನಮಗೆ ಸಗಟಿನಲ್ಲಿ ಕೊಡುವ ಸ್ಟಾಕಿಸ್ಟ್ ಹತ್ತಿರ ಸಿಗುತ್ತಿಲ್ಲ, ಯಾವುದರ ಎಕ್ಸ್‌ಪೈರಿ ಹತ್ತಿರ ಬಂದಿದೆ, ಯಾವ ಸಿರಪ್ಪಿನ ಮುಚ್ಚಳ ಸೋರುತ್ತದೆ ಅಂತ ರೋಗಿಗಳು ಹೇಳಿದರು. ಇದು ಅವರಿಗೂ ಉಪಯೋಗ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ. ಯಾಕೆಂದರೆ ಮಾಲೀಕರು ಊಟಕ್ಕೆ ಹೋದ ಹೊತ್ತು ನೋಡಿ ಕೆಲವರು ಬರುತ್ತಾರೆ, ಒಂದು ಟೀ ಶರ್ಟ್‌ಗೆ ಪೂರ್ತಿ ರಿಪೋರ್ಟ್ ಪ್ರಿಂಟ್ ಆಗಿಬಿಡುತ್ತದೆ. ಈಗ ನಮ್ಮ ಸಾಫ್ಟ್‌ವೇರ್‌ನಲ್ಲಿ ಡಾಕ್ಟ್ರವಾರು ರಿಪೋರ್ಟ್ ನನ್ನ ಪಾಸ್‌ವರ್ಡ್ ಇಲ್ಲದೆ ಬರುವುದಿಲ್ಲ.

ಇನ್ನು ಸ್ಯಾಂಪಲ್ ವಿಷಯ. ಮೊದಲು ಕಾನೂನು ಏನು ಹೇಳುತ್ತದೆ ಅಂತ ಹೇಳಿಬಿಡುತ್ತೇನೆ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮದ ಪ್ರಕಾರ, ಡಾಕ್ಟ್ರಿಗೆ ಅಂತ ಬಂದ ಸ್ಯಾಂಪಲ್‌ಗಳನ್ನು ಮೆಡಿಕಲ್ ಸ್ಟೋರ್ ಮಾರುವಂತಿಲ್ಲ. ಅಷ್ಟೇ ಅಲ್ಲ, ಅಂಗಡಿಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಔಷಧ ಕಂಪನಿಗಳ ಪ್ರಚಾರಕ್ಕೆ ಒಂದು ಸಂಹಿತೆ ತಂದಿತು. ಅದರಂತೆ ಒಬ್ಬ ಡಾಕ್ಟ್ರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್‌ಗಿಂತ ಜಾಸ್ತಿ ಕೊಡಬಾರದು. ಒಂದು ಪ್ಯಾಕ್‌ನಲ್ಲಿ ಮೂರು ರೋಗಿಗಳಿಗೆ ಆಗುವಷ್ಟೇ ಔಷಧ ಇರಬೇಕು. ನಿದ್ದೆ ಮಾತ್ರೆಗಳ ಸ್ಯಾಂಪಲ್ ಕೊಡುವಂತೆಯೇ ಇಲ್ಲ.

ಆದರೂ ಸ್ಯಾಂಪಲ್ ಅಂಗಡಿಗೆ ಬಂದು ಸೇರುವ ದಾರಿ ಇದೆ. ಕ್ಲಿನಿಕ್‌ನಲ್ಲಿ ಗುಡ್ಡೆ ಬಿದ್ದದ್ದನ್ನು ಕಾಂಪೌಂಡರ್ ತಂದು ಕೊಡುತ್ತಾನೆ. ಇಲ್ಲವೇ ‘ಆರ್ಡರ್ ಕೊಟ್ಟರೆ ಇಷ್ಟು ಸ್ಯಾಂಪಲ್ ಇಟ್ಟು ಹೋಗ್ತೀನಿ’ ಅಂತ ರೆಪ್ಪೇ ಹೇಳುತ್ತಾರೆ. ಗಿರಾಕಿಗಳು ಇದನ್ನು ಕಂಡುಹಿಡಿಯಬಹುದು. ಸ್ಯಾಂಪಲ್ ಮೇಲೆ ಮಾರಾಟಕ್ಕಲ್ಲ ಅಂತ ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿರುತ್ತಾರೆ. ಆ ಜಾಗ ಉಜ್ಜಿದಂತೆ ಕಂಡರೆ, ಬ್ಯಾಚ್ ನಂಬರ್ ಇರುವ ತುದಿ ಕತ್ತರಿಸಿದ್ದರೆ, ಮಾತ್ರೆ ಬಿಡಿಯಾಗಿ ಕವರ್‌ನಲ್ಲಿ ಬಂದು ಬಿಲ್ ಕೊಡದಿದ್ದರೆ ಅನುಮಾನ ಪಡಿ. ನನ್ನ ಅಂಗಡಿಯಲ್ಲಿ ಒಂದು ಸ್ಯಾಂಪಲ್ ಮಾತ್ರೆಯೂ ಕೌಂಟರ್ ದಾಟಿ ಒಳಗೆ ಬರುವುದಿಲ್ಲ. ಬಂದ ಸ್ಯಾಂಪಲ್ ಎಲ್ಲ ಕ್ಲಿನಿಕ್‌ನ ಕಪಾಟಿನಲ್ಲೇ ಇರಬೇಕು ಅಂತ ಡಾಕ್ಟ್ರಿಗೂ ನನಗೂ ಒಪ್ಪಂದ.

ಆ ಕಪಾಟಿಗೆ ಒಂದು ಪುಸ್ತಕ ಮಾಡಿದೆವು. ಬಂದ ತಾರೀಕು, ಔಷಧದ ಹೆಸರು ಮತ್ತು ಒಳಗಿರುವ ಅಂಶ, ಬ್ಯಾಚ್, ಎಕ್ಸ್‌ಪೈರಿ, ಎಷ್ಟು ಬಂತು, ಯಾವ ರೋಗಿಗೆ ಎಷ್ಟು ಹೋಯ್ತು. ಇಷ್ಟೇ. ನರ್ಸ್ ಬರೆಯುತ್ತಾರೆ, ತಿಂಗಳಿಗೊಮ್ಮೆ ನಾನು ಹೋಗಿ ತಾಳೆ ನೋಡುತ್ತೇನೆ. ಬ್ಯಾಚ್ ಬರೆದಿಡುವುದು ಯಾಕೆ ಅಂದರೆ, ನಾಳೆ ಔಷಧ ನಿಯಂತ್ರಣ ಇಲಾಖೆ ಯಾವುದಾದರೂ ಬ್ಯಾಚ್ ಸರಿ ಇಲ್ಲ ಅಂದಾಗ ಅದು ಯಾರ ಮನೆಯಲ್ಲಿದೆ ಅಂತ ಗೊತ್ತಾಗಬೇಕು. ಅಂಗಡಿಯಲ್ಲಿ ಮಾರಿದ್ದಕ್ಕೆ ಬಿಲ್ ಇರುತ್ತದೆ. ಸ್ಯಾಂಪಲ್‌ಗೆ ಈ ಪುಸ್ತಕ ಬಿಟ್ಟರೆ ಬೇರೆ ಗುರುತೇ ಇಲ್ಲ.

ಬೇಸಿಗೆಯಲ್ಲಿ ಇನ್ಸುಲಿನ್ ಸ್ಯಾಂಪಲ್ ಬಗ್ಗೆ ನಾನು ತುಂಬಾ ಹಠ ಮಾಡುತ್ತೇನೆ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು. ಬೈಕಿನ ಬ್ಯಾಗ್‌ನಲ್ಲಿ ಐಸ್ ಪ್ಯಾಕ್ ಇಲ್ಲದೆ ಊರೂರು ಸುತ್ತಿ ಬಂದದ್ದನ್ನು ಪುಕ್ಕಟೆ ಅಂತ ರೋಗಿಗೆ ಚುಚ್ಚುವುದಾ? ಡಾಕ್ಟ್ರೇ ಅದನ್ನು ವಾಪಸ್ ಕಳಿಸುತ್ತಾರೆ.

ನಿಜವಾದ ಚರ್ಚೆ ನಡೆದದ್ದು ಯಾವ ಸ್ಯಾಂಪಲ್ ಯಾರಿಗೆ ಅನ್ನುವುದರ ಮೇಲೆ. ಬಡವರಿಗೆ ಕೊಡುತ್ತೇವೆ, ಅದರಲ್ಲಿ ತಪ್ಪೇನು ಅಂತ ಹೆಚ್ಚಿನವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಒಂದು ಲೆಕ್ಕ ಹೇಳುತ್ತೇನೆ. ಹಳ್ಳಿಯಿಂದ ಬಂದ ಒಬ್ಬ ಅಮ್ಮನಿಗೆ ಹೊಸದಾಗಿ ಬಿಪಿ ಗೊತ್ತಾಯಿತು. ಟೆಲ್ಮಿಸಾರ್ಟನ್ ಮತ್ತು ಆಮ್ಲೊಡಿಪಿನ್ ಸೇರಿದ ಮಾತ್ರೆ ದಿನಕ್ಕೊಂದು ಬೇಕು. ಕಪಾಟಿನಲ್ಲಿ ಒಂದು ಬ್ರ್ಯಾಂಡ್‌ನ 14 ಮಾತ್ರೆ ಸ್ಯಾಂಪಲ್ ಇತ್ತು. ಆ ಬ್ರ್ಯಾಂಡ್ ಅಂಗಡಿಯಲ್ಲಿ ಮಾತ್ರೆಗೆ 15 ರೂಪಾಯಿ ಅಂತ ಇಟ್ಟುಕೊಳ್ಳಿ. ಅದೇ ಅಂಶಗಳ, ಅಷ್ಟೇ ಪ್ರಮಾಣದ ಇನ್ನೊಂದು ಕಂಪನಿ ಮಾತ್ರೆ 6 ರೂಪಾಯಿ. ಸ್ಯಾಂಪಲ್ ಕೊಟ್ಟರೆ ಎರಡು ವಾರದಲ್ಲಿ ಆ ಅಮ್ಮನಿಗೆ ಉಳಿಯುವುದು 84 ರೂಪಾಯಿ. ಯಾಕೆಂದರೆ ಇಲ್ಲದಿದ್ದರೆ 6 ರೂಪಾಯಿಯದ್ದೇ ಕೊಳ್ಳುತ್ತಿದ್ದರು. ಆಮೇಲೆ ಅದೇ ಬ್ರ್ಯಾಂಡ್ ಮುಂದುವರಿದರೆ ತಿಂಗಳಿಗೆ 180ರ ಬದಲು 450. ಪ್ರತಿ ತಿಂಗಳೂ 270 ರೂಪಾಯಿ ಜಾಸ್ತಿ, ಅದೂ ಜೀವನಪೂರ್ತಿ.

ಮುಂದುವರಿಯುವುದು ಯಾಕೆ? ಬಿಪಿ ಹತೋಟಿಗೆ ಬಂದಿರುತ್ತದೆ, ಡಾಕ್ಟ್ರು ಚೀಟಿಯಲ್ಲಿ ‘ಅದೇ ಮುಂದುವರಿಸಿ’ ಅಂತ ಬರೆಯುತ್ತಾರೆ. ನಾನು ಕೌಂಟರ್‌ನಲ್ಲಿ ಬ್ರ್ಯಾಂಡ್ ಬದಲಾಯಿಸುವಂತಿಲ್ಲ, ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಕ್ಕೆ ಚೀಟಿಯಲ್ಲಿ ಬರೆದದ್ದನ್ನೇ ಕೊಡಬೇಕು ಅನ್ನುತ್ತದೆ ನಿಯಮ. ರೋಗಿಗೂ ಬಣ್ಣ ಬದಲಾದರೆ ಭಯ. ಕೈಯಲ್ಲಿ ದುಡ್ಡು ಕಮ್ಮಿ ಇದ್ದ ತಿಂಗಳು ದಿನ ಬಿಟ್ಟು ದಿನ ನುಂಗುತ್ತಾರೆ. ಅದು ನಮಗೆ ಗೊತ್ತಾಗುವುದು ಹೇಗೆ ಅಂದರೆ, 30 ಮಾತ್ರೆ ತೆಗೆದುಕೊಂಡವರು ಎರಡು ತಿಂಗಳ ಮೇಲೆ ಅಂಗಡಿಗೆ ಬರುತ್ತಾರೆ. ನಾನು ಆ ಅಂತರ ನೋಡಿಯೇ ಕೇಳುತ್ತೇನೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಡಾಕ್ಟ್ರ ಮುಂದೆ ಇಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, "ನಾನು ದುಡ್ಡು ಕೊಟ್ಟು ತಗೊಳ್ಳಿ ಅಂತ ಬರೆಯದ ಬ್ರ್ಯಾಂಡ್‌ನಿಂದ ಶುರು ಮಾಡೋದು ಬೇಡ ಬಿಡಿ" ಅಂದರು. ಅಲ್ಲಿಂದ ಇದೇ ನಮ್ಮ ಅಳತೆ. ಬಿಪಿ, ಶುಗರ್, ಥೈರಾಯ್ಡ್‌ನಂಥ ದೀರ್ಘಕಾಲದ ಕಾಯಿಲೆಗೆ ಸ್ಯಾಂಪಲ್‌ನಿಂದ ಶುರು ಮಾಡುವುದಿಲ್ಲ. ಕೊನೆಯವರೆಗೆ ಸಾಕಾಗುವ ಸಣ್ಣ ಕೋರ್ಸ್ ಆದರೆ ಸಂತೋಷವಾಗಿ ಕೊಡುತ್ತಾರೆ. ಅಜಿತ್ರೊಮೈಸಿನ್ 500 ಬೇಕಾದ ರೋಗಿಗೆ ಮೂರು ದಿನದ ಕೋರ್ಸ್, ಮೂರು ಮಾತ್ರೆ, ಅಲ್ಲಿಗೆ ಮುಗಿಯಿತು. ಐದು ದಿನಕ್ಕೆ ಹತ್ತು ಮಾತ್ರೆ ಬೇಕಾದ ಆಂಟಿಬಯೋಟಿಕ್‌ನ ಆರು ಮಾತ್ರೆ ಇದ್ದರೆ ಕೊಡುವುದಿಲ್ಲ. ಉಳಿದ ನಾಲ್ಕನ್ನು ಕೊಳ್ಳದೆ ಅರ್ಧಕ್ಕೆ ನಿಲ್ಲಿಸುವವರೇ ಜಾಸ್ತಿ.

ಗಿಫ್ಟ್ ಬಗ್ಗೆ ಡಾಕ್ಟ್ರಿಗೆ ನಿಯಮ ಸ್ಪಷ್ಟವಾಗಿದೆ. 2009ರ ಡಿಸೆಂಬರ್‌ನಲ್ಲೇ ವೈದ್ಯಕೀಯ ಮಂಡಳಿ ಕಂಪನಿಗಳಿಂದ ಉಡುಗೊರೆ, ಪ್ರವಾಸ, ನಗದು ಬೇಡ ಅಂದಿದೆ. ಇಂಥ ಖರ್ಚಿಗೆ ಕಂಪನಿ ತೆರಿಗೆ ವಿನಾಯಿತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿತು. 2024ರ ಸಂಹಿತೆ ಪುಸ್ತಕ, ಕ್ಯಾಲೆಂಡರ್, ಡೈರಿಯಂಥದ್ದಕ್ಕೆ ಅವಕಾಶ ಕೊಟ್ಟು ಒಂದಕ್ಕೆ 1000 ರೂಪಾಯಿ ಮಿತಿ ಹಾಕಿದೆ. ನಮ್ಮ ಡಾಕ್ಟ್ರು ಅದನ್ನೂ ಮೇಜಿನ ಮೇಲೆ ಇಡುವುದಿಲ್ಲ. ಬ್ರ್ಯಾಂಡ್ ಹೆಸರಿರುವ ಪೆನ್ನಿನಲ್ಲಿ ಚೀಟಿ ಬರೆದರೆ ರೋಗಿ ಏನಂದುಕೊಳ್ಳಬೇಕು ಅನ್ನುತ್ತಾರೆ.

ಮೆಡಿಕಲ್‌ನವರಿಗೆ ಉಡುಗೊರೆ ಬೇರೆ ರೂಪದಲ್ಲಿ ಬರುತ್ತದೆ. ಅದರ ಹೆಸರು ಸ್ಕೀಮ್. ಹತ್ತು ಸ್ಟ್ರಿಪ್ ಕೊಂಡರೆ ನಾಲ್ಕು ಫ್ರೀ. ಬಿಲ್‌ನಲ್ಲೇ ಬರುತ್ತದೆ, ವ್ಯಾಪಾರದ ರಿಯಾಯಿತಿ ಅಂತಲೇ ಲೆಕ್ಕ. ಸ್ಟ್ರಿಪ್‌ಗೆ ನನಗೆ 70 ರೂಪಾಯಿ ಬೀಳುವ, ಎಂಆರ್‌ಪಿ 100 ಇರುವ ಮಾತ್ರೆ ತಗೊಳ್ಳಿ. ಸ್ಕೀಮ್‌ನಲ್ಲಿ 700 ರೂಪಾಯಿಗೆ 14 ಸ್ಟ್ರಿಪ್, ಅಂದರೆ ಒಂದಕ್ಕೆ 50. ಲಾಭ 30ರಿಂದ 50ಕ್ಕೆ ಏರಿತು. ಆಗ ‘ಜ್ವರಕ್ಕೆ ಏನಾದ್ರೂ ಕೊಡಿ’ ಅಂತ ಬಂದವರಿಗೆ ಕೈ ತಾನಾಗಿ ಆ ಸ್ಟ್ರಿಪ್ ಕಡೆ ಹೋಗುತ್ತದೆ. ಅದು ಆಂಟಿಬಯೋಟಿಕ್ ಆಗಿದ್ದರೆ ಅಪಾಯ ದೊಡ್ಡದು.

ಹಾಗಾಗಿ ಚೀಟಿ ಇಲ್ಲದೆ ಕೊಡಬಾರದ ಔಷಧಗಳಿಗೆ ನಾನು ಸ್ಕೀಮ್ ನೋಡಿ ಆರ್ಡರ್ ಹಾಕುವುದೇ ಇಲ್ಲ. ಹಿಂದಿನ ತಿಂಗಳು ಚೀಟಿಗೆ ಎಷ್ಟು ಹೋಗಿದೆಯೋ ಅಷ್ಟೇ ಆರ್ಡರ್. ಆ ಪ್ರಮಾಣಕ್ಕೆ ಸ್ಕೀಮ್ ತಾನಾಗಿ ಸಿಕ್ಕರೆ ತೆಗೆದುಕೊಳ್ಳುತ್ತೇನೆ, ಅದಕ್ಕೋಸ್ಕರ ಒಂದು ಸ್ಟ್ರಿಪ್ಪೂ ಜಾಸ್ತಿ ತರಿಸುವುದಿಲ್ಲ. ಕಪಾಟಿನಲ್ಲಿ ಗುಡ್ಡೆ ಬಿದ್ದ ಮಾಲು ಮಾರಿಸಿಕೊಳ್ಳಲು ಒತ್ತಾಯ ಮಾಡುತ್ತದೆ. ಇದರಿಂದ ಲಾಭ ಕಮ್ಮಿ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಎಕ್ಸ್‌ಪೈರಿ ಆಗಿ ಬಿಸಾಡುವ ಮಾಲೂ ಕಮ್ಮಿ ಆದ್ದರಿಂದ ಒಂದಷ್ಟು ಸರಿದೂಗುತ್ತದೆ, ಪೂರ್ತಿ ಅಲ್ಲ.

ಇನ್ನೊಂದು ಕೆಲಸ ಬಾಕಿ ಇರುತ್ತದೆ, ಎಕ್ಸ್‌ಪೈರಿ ಆದ ಸ್ಯಾಂಪಲ್‌ದು. ಅಂಗಡಿಯ ಮಾಲಾದರೆ ಸ್ಟಾಕಿಸ್ಟ್ ವಾಪಸ್ ತಗೊಳ್ಳುತ್ತಾರೆ, ಸ್ಯಾಂಪಲ್ ತಗೊಳ್ಳುವುದಿಲ್ಲ. ಅದಕ್ಕೆ ತಿಂಗಳ ತಪಾಸಣೆಯಲ್ಲಿ ಮೂರು ತಿಂಗಳೊಳಗೆ ಮುಗಿಯುವುದನ್ನು ಮುಂದಿನ ಸಾಲಿಗೆ ತರುತ್ತೇನೆ. ಮುಗಿದದ್ದನ್ನು ಪುಸ್ತಕದಲ್ಲಿ ಹೊಡೆದು ಕ್ಲಿನಿಕ್‌ನ ಹಳದಿ ಚೀಲಕ್ಕೆ ಹಾಕಿಸುತ್ತೇನೆ. ಆಸ್ಪತ್ರೆ ಕಸ ಒಯ್ಯುವ ಗಾಡಿಗೆ ಅದು ಹೋಗುತ್ತದೆ. ಒಂದೇ ಬ್ರ್ಯಾಂಡ್ ಮತ್ತೆ ಮತ್ತೆ ಹಳದಿ ಚೀಲ ಸೇರುತ್ತಿದ್ದರೆ ಆ ರೆಪ್‌ಗೆ ಪುಸ್ತಕ ತೋರಿಸಿ, "ಇದು ನಮಗೆ ಖರ್ಚಾಗ್ತಿಲ್ಲ, ಇನ್ನು ಇಡಬೇಡಿ" ಅನ್ನುತ್ತಾರೆ ಡಾಕ್ಟ್ರು.