ಬೇಗ ಹಣ ಕೊಟ್ಟು ಪಡೆದ ರಿಯಾಯಿತಿ: ಲೆಕ್ಕ ಬರೆಯುವುದು ಹೇಗೆ?

ಅಂಗಡಿಗಳ ಲೆಕ್ಕಪುಸ್ತಕ ನೋಡುವಾಗ ಒಂದೇ ತಪ್ಪು ಎರಡು ಬಗೆಯಲ್ಲಿ ಕಣ್ಣಿಗೆ ಬೀಳುತ್ತದೆ. ಸಗಟು ವ್ಯಾಪಾರಿ ಕೊಟ್ಟ ನಗದು ರಿಯಾಯಿತಿಗೆ ಕೆಲವರು ಹೂಡುವಳಿ ತೆರಿಗೆ ಜಮೆಯನ್ನು (ಐಟಿಸಿ), ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ಜಮೆಯನ್ನು, ಅನಗತ್ಯವಾಗಿ ಬಿಟ್ಟುಕೊಡುತ್ತಾರೆ. ಇನ್ನು ಕೆಲವರು ಬಿಡಬೇಕಾದ ಜಮೆಯನ್ನು ಹಾಗೆಯೇ ಉಳಿಸಿಕೊಂಡು ಮುಂದೆ ಬಡ್ಡಿ ಕಟ್ಟುತ್ತಾರೆ.

ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿಯನ್ನು ತೆಗೆದುಕೊಳ್ಳೋಣ. ಪೈಪುಗಳ ಬೆಲೆ 1,00,000 ರೂಪಾಯಿ, ಶೇ 18 ಜಿಎಸ್‌ಟಿ 18,000, ಬಿಲ್ಲಿನ ಮೊತ್ತ 1,18,000. ಮೂವತ್ತು ದಿನಗಳ ಸಾಲ; ಹತ್ತು ದಿನಗಳೊಳಗೆ ಕೊಟ್ಟರೆ ಶೇ 2 ರಿಯಾಯಿತಿ.

1. ಷರತ್ತನ್ನು ಬರಹದಲ್ಲಿ ಪಡೆಯಿರಿ. ಖರೀದಿ ಆದೇಶದಲ್ಲೋ ಬಿಲ್ಲಿನಲ್ಲೋ ಇರಲಿ. ಶೇ 2 ಎಂದರೆ ಸರಕಿನ ಬೆಲೆಯ ಮೇಲೋ ತೆರಿಗೆ ಸೇರಿದ ಮೊತ್ತದ ಮೇಲೋ ಎಂಬುದೂ ಅಲ್ಲಿಯೇ ಇರಬೇಕು. ನಮ್ಮ ಉದಾಹರಣೆಯಲ್ಲಿ ಪೂರ್ತಿ ಮೊತ್ತದ ಮೇಲೆ, ಅಂದರೆ 2,360 ರೂಪಾಯಿ.

2. ಗಡುವಿನೊಳಗೆ 1,15,640 ರೂಪಾಯಿ ಪಾವತಿಸಿ. ಬ್ಯಾಂಕಿನ ಓವರ್‌ಡ್ರಾಫ್ಟ್ ಬಳಸಬೇಕಾಗಿ ಬಂದರೂ ಪಾವತಿಸಿ ಎಂದೇ ನನ್ನ ಸಲಹೆ. ಇಪ್ಪತ್ತು ದಿನ ಮುಂಚೆ ಕೊಟ್ಟದ್ದಕ್ಕೆ ಶೇ 2 ಎಂದರೆ ವರ್ಷಕ್ಕೆ ಸುಮಾರು ಶೇ 37ರ ಬಡ್ಡಿಗೆ ಸಮ.

3. ರಿಯಾಯಿತಿಗಾಗಿ ಪೂರೈಕೆದಾರ ಕೊಟ್ಟ ಕ್ರೆಡಿಟ್ ನೋಟ್ ಯಾವ ಬಗೆಯದೆಂದು ನೋಡಿ. ಎಡವುವುದು ಇಲ್ಲಿಯೇ. ನೀವು ಕೊಟ್ಟ ಹಣ ಒಂದೇ ಆದರೂ ಚೀಟಿ ಎರಡು ಬಗೆಯಾಗಿರಬಹುದು.

ಮೊದಲನೆಯದರಲ್ಲಿ ತೆರಿಗೆಯ ಸಾಲು ಇರುವುದಿಲ್ಲ. ‘ನಗದು ರಿಯಾಯಿತಿ 2,360’ ಎಂದಷ್ಟೇ ಇರುತ್ತದೆ. ಇದು ವಾಣಿಜ್ಯ ಕ್ರೆಡಿಟ್ ನೋಟ್. ಪೂರೈಕೆದಾರ ತನ್ನ ತೆರಿಗೆಯನ್ನು ಇಳಿಸಿಕೊಂಡಿಲ್ಲ, ಸರ್ಕಾರಕ್ಕೆ 18,000 ರೂಪಾಯಿಯೂ ಹೋಗಿದೆ. ಆದ್ದರಿಂದ ನಿಮ್ಮ ಜಮೆಯೂ 18,000 ಆಗಿಯೇ ಉಳಿಯುತ್ತದೆ. ಇಂತಹ ಚೀಟಿಗೆ ಖರೀದಿದಾರ ಜಮೆ ಹಿಂದಿರುಗಿಸಬೇಕಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಸೆಪ್ಟೆಂಬರ್ 12ರ 251ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ರಿಯಾಯಿತಿ ಪೂರ್ತಿಯಾಗಿ ನಿಮ್ಮದು: ಸರಕು ನಿಮಗೆ ಬಿದ್ದದ್ದು 97,640 ರೂಪಾಯಿಗೆ.

ಎರಡನೆಯದರಲ್ಲಿ ‘ಬೆಲೆ 2,000, ಜಿಎಸ್‌ಟಿ 360’ ಎಂದು ಬೇರೆಬೇರೆಯಾಗಿ, ಮೂಲ ಬಿಲ್ಲಿನ ಸಂಖ್ಯೆಯೊಂದಿಗೆ ಇರುತ್ತದೆ. ಪೂರೈಕೆದಾರ 360 ರೂಪಾಯಿ ತೆರಿಗೆ ಇಳಿಸಿಕೊಳ್ಳುತ್ತಾನೆ. ನೀವೂ ಅಷ್ಟು ಜಮೆ ಬಿಡಬೇಕು. ಉಳಿಯುವುದು 17,640. ಸರಕಿನ ವೆಚ್ಚ 98,000.

ಮೊದಲ ಬಗೆಯ ಚೀಟಿ ಬಂದಾಗ ಅದರೊಳಗೆ ತೆರಿಗೆ ಸೇರಿದೆ ಎಂದು ಭಾವಿಸಿ 2,360ನ್ನು 2,000 ಮತ್ತು 360 ಆಗಿ ಒಡೆಯಬೇಡಿ. ಹಾಗೆ ಮಾಡಿದರೆ ನಿಮ್ಮ 360 ರೂಪಾಯಿ ಸುಮ್ಮನೆ ಹೋಯಿತು. ಎರಡನೆಯ ಬಗೆಯದು ಬಂದಾಗ ಪೂರ್ತಿ 2,360ನ್ನು ರಿಯಾಯಿತಿ ಎಂದು ಬರೆದರೆ 360 ರೂಪಾಯಿ ಜಮೆ ಹೆಚ್ಚಾಗಿ ಉಳಿಯುತ್ತದೆ. ಅದನ್ನು ಬಳಸಿಬಿಟ್ಟರೆ ಶೇ 18ರ ಬಡ್ಡಿ ಬೀಳುತ್ತದೆ.

ಚೀಟಿಯೇ ಇಲ್ಲದೆ ಹಣ ಕಡಿತ ಮಾಡಿ ಕಳುಹಿಸುವ ಅಡ್ಡದಾರಿಯಂತೂ ಬೇಡವೇ ಬೇಡ. ಬಿಲ್ಲಿನ ದಿನದಿಂದ 180 ದಿನಗಳೊಳಗೆ ಪಾವತಿಯಾಗದ ಭಾಗದ ಜಮೆಯನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ. ಆ 2,360 ಬಾಕಿಯಲ್ಲ, ರಿಯಾಯಿತಿ ಎಂದು ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು.

4. ಪುಸ್ತಕದಲ್ಲಿ ಬರೆಯಿರಿ. ವಾಣಿಜ್ಯ ಚೀಟಿಯಾದರೆ ಪೂರೈಕೆದಾರನ ಖಾತೆಗೆ 2,360 ಡೆಬಿಟ್, ‘ಬಂದ ರಿಯಾಯಿತಿ’ ಖಾತೆಗೆ 2,360 ಕ್ರೆಡಿಟ್. ತೆರಿಗೆಯ ಚೀಟಿಯಾದರೆ ಪೂರೈಕೆದಾರನಿಗೆ 2,360 ಡೆಬಿಟ್. ರಿಯಾಯಿತಿಗೆ 2,000, ಜಿಎಸ್‌ಟಿ ಜಮೆ ಖಾತೆಗೆ 360 ಕ್ರೆಡಿಟ್. ಪೂರೈಕೆದಾರನ ಕ್ರೆಡಿಟ್ ನೋಟ್ ನಿಮ್ಮ ಟ್ಯಾಲಿಯಲ್ಲಿ ಡೆಬಿಟ್ ನೋಟ್ ವೋಚರ್ ಆಗುತ್ತದೆ. ಬಂದ ರಿಯಾಯಿತಿಯ ಖಾತೆಗೆ ಜಿಎಸ್‌ಟಿ ಅನ್ವಯಿಸುವಂತೆ ಇಟ್ಟರೆ ತಂತ್ರಾಂಶ ತಾನಾಗಿಯೇ ಜಮೆ ಕತ್ತರಿಸಬಹುದು. ಅದನ್ನು ತೆಗೆದುಹಾಕಿ, ತೆರಿಗೆಯ ಸಾಲನ್ನು ಬೇಕಾದಾಗ ಕೈಯಿಂದಲೇ ಹಾಕಿ.

ಸಣ್ಣ ವ್ಯಾಪಾರಿಗಳು ಈ ರಿಯಾಯಿತಿಯನ್ನು ಲಾಭನಷ್ಟ ಪಟ್ಟಿಯಲ್ಲಿ ಆದಾಯವಾಗಿ ತೋರಿಸುವುದು ರೂಢಿ. ದಾಸ್ತಾನಿನ ಬೆಲೆ 1,00,000 ಆಗಿಯೇ ಉಳಿಯುತ್ತದೆ. ಇಂಡ್‌ ಎಎಸ್ ಲೆಕ್ಕ ಮಾನದಂಡ ಪಾಲಿಸುವ ಕಂಪನಿಗಳು ಮಾತ್ರ ಖರೀದಿ ವೆಚ್ಚದಿಂದಲೇ ಕಳೆಯುತ್ತವೆ. ಹೇಗೇ ಬರೆದರೂ ಮಾರಾಟದ ದರ ಕಟ್ಟುವಾಗ ನಿಜವಾದ ವೆಚ್ಚವನ್ನೇ ಹಿಡಿಯಿರಿ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆಯೇ ಇಲ್ಲ. ಅವರಿಗೆ ವೆಚ್ಚ ನೇರವಾಗಿ 1,15,640.

5. ಜಿಎಸ್‌ಟಿಆರ್‌-2ಬಿ ಜೊತೆ ಹೋಲಿಸಿ. ಪೋರ್ಟಲ್‌ನಲ್ಲಿ ನಿಮ್ಮ ಜಮೆಯನ್ನು ತೋರಿಸುವ ಈ ಪಟ್ಟಿ ಮುಂದಿನ ತಿಂಗಳ 14ರಂದು ಸಿದ್ಧವಾಗುತ್ತದೆ. ತೆರಿಗೆಯ ಕ್ರೆಡಿಟ್ ನೋಟ್ ಅಲ್ಲಿ ಕಾಣಿಸುತ್ತದೆ, ವಾಣಿಜ್ಯ ಚೀಟಿ ಕಾಣಿಸುವುದಿಲ್ಲ. ಪೂರೈಕೆದಾರ ತಡವಾಗಿ ಸಲ್ಲಿಸಿರಬಹುದಾದ್ದರಿಂದ ನಂತರದ ತಿಂಗಳನ್ನೂ ನೋಡಿ. ನಿಮ್ಮ ಕೈಯಲ್ಲಿ ತೆರಿಗೆಯಿಲ್ಲದ ಚೀಟಿ ಇದ್ದು, ಪೋರ್ಟಲ್‌ನಲ್ಲಿ 360 ರೂಪಾಯಿ ತೆರಿಗೆಯ ಚೀಟಿ ಕಂಡರೆ, ಅದನ್ನು ಅಲ್ಲಿ ಒಪ್ಪುವ ಅಥವಾ ತಿರಸ್ಕರಿಸುವ ಮೊದಲು ಪೂರೈಕೆದಾರನ ಲೆಕ್ಕಿಗರಿಗೆ ಫೋನ್ ಮಾಡಿ. ಅವರು ತೆರಿಗೆ ಇಳಿಸಿಕೊಂಡದ್ದು ನಿಜವಾದರೆ ಸರಿಯಾದ ಚೀಟಿಯನ್ನು ಕಳುಹಿಸಲಿ, ನೀವು 360 ಬಿಡಿ. ಕೈತಪ್ಪಿನಿಂದ ಸೇರಿದ್ದರೆ ಅವರೇ ತಿದ್ದಲಿ.