ಪಾರ್ಲರ್ ರೇಟ್ ಬೋರ್ಡ್: ಮಧ್ಯದ ಕಾಂಬೋನೇ ಕಸ್ಟಮರ್ ಕೇಳೋ ಹಾಗೆ ಮಾಡೋದು ಹೇಗೆ

ಹಾಸನದ ಬಿ.ಎಂ. ರೋಡ್ ಕಡೆ ಯಾವುದಾದ್ರೂ ಲೇಡೀಸ್ ಪಾರ್ಲರ್ ಒಳಗೆ ಹೋಗಿ ನೋಡಿ, ಗೋಡೆ ಮೇಲೆ ಒಂದು ದೊಡ್ಡ ಫ್ಲೆಕ್ಸ್, ಅದರಲ್ಲಿ ಐಬ್ರೋದಿಂದ ಹಿಡಿದು ಬ್ರೈಡಲ್ ಮೇಕಪ್ ತನಕ ಮೂವತ್ತು ನಲವತ್ತು ಐಟಂ ಒಂದರ ಕೆಳಗೊಂದು ಇರುತ್ತೆ. ಅಷ್ಟನ್ನೂ ಓದೋರು ಯಾರಿದ್ದಾರೆ ಹೇಳಿ, ಬಂದವರು "ಅಕ್ಕಾ, ಐಬ್ರೋ ಎಷ್ಟು" ಅಂತ ಕೇಳ್ತಾರೆ, 50 ರೂಪಾಯಿ ಕೊಟ್ಟು ಎದ್ದು ಹೋಗ್ತಾರೆ. ಕಾಂಬೋ ಹಾಕಿದ್ರೂ ಅದೇ ಕಥೆ, ಹಬ್ಬಕ್ಕೊಂದು ಆಫರ್ ಅಂತ ಎಂಟು ಹತ್ತು ಕಾಂಬೋ ಸೇರ್ಕೊಂಡು ಯಾವುದರಲ್ಲಿ ಏನಿದೆ ಅಂತ ಕೆಲಸ ಮಾಡೋ ಹುಡುಗಿಗೇ ನೆನಪಿರಲ್ಲ.

ಇದಕ್ಕೆ ಮೂರೇ ಮೂರು ಹಂತದ ಮೆನು ಸಾಕು. ಮೂರಿದ್ದಾಗ ಜನ ಸಾಮಾನ್ಯವಾಗಿ ಮಧ್ಯದ್ದಕ್ಕೆ ಕೈ ಹಾಕ್ತಾರೆ ಅನ್ನೋದು ಬರೀ ವ್ಯಾಪಾರಿಗಳ ಮಾತಲ್ಲ. ಇಟಮಾರ್ ಸೈಮನ್ಸನ್, ಏಮೋಸ್ ಟ್ವರ್ಸ್ಕಿ ಅನ್ನೋ ಇಬ್ಬರು ಸಂಶೋಧಕರು 1992ರಲ್ಲಿ ಬೇರೆ ಬೇರೆ ರೇಟಿನ ಕ್ಯಾಮೆರಾ ತೋರಿಸಿ, ಯಾವುದು ಬೇಕು ಅಂತ ಜನರನ್ನ ಕೇಳಿ ಇದನ್ನ ನೋಡಿದ್ರು. ಸುಮಾರು 170 ಡಾಲರಿಂದು ಒಂದು, 240 ಡಾಲರಿಂದು ಒಂದು, ಎರಡೇ ತೋರಿಸಿದಾಗ ಅರ್ಧ ಜನ ಇದು, ಅರ್ಧ ಜನ ಅದು ಅಂದ್ರು. ಜೊತೆಗೆ 470 ಡಾಲರಿನ ಮೂರನೇದು ಇಟ್ಟ ತಕ್ಷಣ 240ರದ್ದನ್ನ ಕೇಳಿದವರು 57 ಪರ್ಸೆಂಟ್ ಆದ್ರು, ಕಡಿಮೆ ರೇಟಿಂದಕ್ಕೆ ಉಳಿದಿದ್ದು 22 ಪರ್ಸೆಂಟ್ ಮಾತ್ರ. ತೀರಾ ಅಗ್ಗದ್ದೂ ಬೇಡ, ತೀರಾ ದುಬಾರಿನೂ ಬೇಡ ಅನ್ನೋ ಮನಸ್ಸು ಅಷ್ಟೇ. ಆದ್ರೆ ಮೂರು ರೇಟ್ ಬರೆದು ನೇತು ಹಾಕಿದ್ರೆ ತಾನಾಗೇ ಆಗ್ಬಿಡುತ್ತೆ ಅಂದ್ಕೋಬೇಡಿ, ಒಳಗಿನ ಲೆಕ್ಕ ಸರಿ ಇರ್ಬೇಕು.

ಹಾಸನದ ಕೆ.ಆರ್. ಪುರಂನಲ್ಲಿ ಒಂದು ಪಾರ್ಲರ್ ಇದೆ, ಓನರ್ ಒಬ್ರು, ಜೊತೆಗೆ ಸಂಬಳಕ್ಕೆ ಒಬ್ಬಳು ಹುಡುಗಿ ಅಂತ ಇಟ್ಕೊಳ್ಳಿ. ಬಿಡಿ ರೇಟು ಹೀಗಿದೆ: ಐಬ್ರೋ 50, ಹೇರ್ ಸ್ಪಾ 800, ಪೆಡಿಕ್ಯೂರ್ 600, ಫ್ರೂಟ್ ಫೇಶಿಯಲ್ 700, ಮೆನಿಕ್ಯೂರ್ 450. ಇವೆಲ್ಲ ಉದಾಹರಣೆಗೆ ಹಿಡಿದ ರೇಟು, ನಿಮ್ಮದು ಬೇರೆ ಇದ್ರೆ ಅದನ್ನೇ ಹಾಕ್ಕೊಂಡು ಲೆಕ್ಕ ಮಾಡಿ.

ಮೊದಲು ಗಡಿಯಾರ, ಆಮೇಲೆ ರೇಟು

ಹೆಚ್ಚಿನವರು ಸಾಮಾನಿನ ಖರ್ಚು ಮಾತ್ರ ನೋಡ್ತಾರೆ, ಟೈಮ್ ನೋಡಲ್ಲ. ನಿಮ್ಮಲ್ಲಿ ಮಾರಾಟಕ್ಕಿರೋದು ಚೇರಿನ ಟೈಮ್ ಕಣ್ರೀ, ಶನಿವಾರ ಸಂಜೆ ಒಂದು ಗಂಟೆ ಹೋದ್ರೆ ಅದು ಹೋದಂಗೇ. ಅದಕ್ಕೆ ಒಂದೊಂದು ಕೆಲಸಕ್ಕೂ ಕೂರಿಸಿದಾಗಿಂದ ಎಬ್ಬಿಸೋ ತನಕ ಎಷ್ಟು ನಿಮಿಷ ಅಂತ ಒಂದು ವಾರ ಬರೆದಿಡಿ, ಪಕ್ಕದಲ್ಲೇ ಎಷ್ಟು ರೂಪಾಯಿ ಸಾಮಾನು ಹೋಯ್ತು ಅಂತಾನೂ. ನಮ್ಮ ಉದಾಹರಣೆಯಲ್ಲಿ ಐಬ್ರೋಗೆ 10 ನಿಮಿಷ, ಹೇರ್ ಸ್ಪಾಗೆ 60, ಪೆಡಿಕ್ಯೂರಿಗೆ 45, ಫೇಶಿಯಲ್ಲಿಗೆ 60 ನಿಮಿಷ. ಸಾಮಾನು ಸ್ಪಾಗೆ 110 ರೂಪಾಯಿ, ಪೆಡಿಕ್ಯೂರಿಗೆ 60, ಫೇಶಿಯಲ್ಲಿಗೆ 120, ಮೆನಿಕ್ಯೂರಿಗೆ 45, ಟವಲ್ಲು ದಾರ ಎಲ್ಲ ಸೇರಿ ತಲೆಗೆ 20. ಬಾಡಿಗೆ, ಕರೆಂಟು, ಸಂಬಳ ತಿಂಗಳ ಖರ್ಚು, ಅವನ್ನ ಸದ್ಯಕ್ಕೆ ಪಕ್ಕಕ್ಕಿಡೋಣ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಹೇರ್ ಸ್ಪಾದಲ್ಲಿ ಕ್ರೀಮ್ ಹಚ್ಚಿ ಮಸಾಜ್ ಮಾಡಿ, ಸ್ಟೀಮ್ ಕೊಟ್ಟು, ಆಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡಬೇಕು, ಕಸ್ಟಮರ್ ಸುಮ್ನೆ ಮೊಬೈಲ್ ನೋಡ್ಕೊಂಡು ಕೂತಿರ್ತಾರೆ. ಇಲ್ಲಿ ಓನರ್ ತಲೆ ಕೆಲಸ ನೋಡ್ಕೊಳ್ಳೋವಾಗ ಹುಡುಗಿ ಕಾಲಿನ ಟಬ್ ಇಟ್ಟು ಪೆಡಿಕ್ಯೂರ್ ಶುರು ಮಾಡಬಹುದು. ಬೇರೆ ಬೇರೆ ಮಾಡಿದ್ರೆ ಐಬ್ರೋ, ಸ್ಪಾ, ಪೆಡಿಕ್ಯೂರ್ ಸೇರಿ 115 ನಿಮಿಷ ಆಗೋದು ಒಟ್ಟಿಗೆ ಮಾಡಿದ್ರೆ 80 ನಿಮಿಷಕ್ಕೆ ಮುಗಿಯುತ್ತೆ. ಕಾಂಬೋದಲ್ಲಿ ನೀವು ಕೊಡೋ ಡಿಸ್ಕೌಂಟು ಬರಬೇಕಾಗಿರೋದು ಈ ಉಳಿದ 35 ನಿಮಿಷದಿಂದ, ನಿಮ್ಮ ಜೇಬಿಂದಲ್ಲ.

ಒಂದೇ ಕೂತಲ್ಲಿ ಆಗದೇ ಇರೋ ಕೆಲಸನ ಸೇರಿಸೋಕೆ ಹೋಗ್ಬೇಡಿ. ವ್ಯಾಕ್ಸ್ ಮಾಡಿದ ಕೈಗೆ ಅವತ್ತೇ ಬ್ಲೀಚ್ ಹಾಕಿದ್ರೆ ಉರಿಯುತ್ತೆ, ಕೆಂಪಗಾಗುತ್ತೆ, ಆದ್ರೂ ಎಷ್ಟೋ ಕಡೆ "ವ್ಯಾಕ್ಸ್ + ಬ್ಲೀಚ್ ಕಾಂಬೋ" ಅಂತ ಬೋರ್ಡ್ ಇರುತ್ತೆ, ನೋಡಿದ್ರೆ ಬೇಜಾರಾಗುತ್ತೆ.

ಒಂದರೊಳಗೊಂದು

ಮೂರು ಹಂತನ ಒಂದರ ಮೇಲೊಂದು ಕಟ್ಕೊಂಡು ಹೋಗಿ. ಮೊದಲನೇದರಲ್ಲಿ ಇರೋದೆಲ್ಲ ಎರಡನೇದರಲ್ಲೂ ಇರ್ಬೇಕು, ಎರಡನೇದರಲ್ಲಿ ಇರೋದೆಲ್ಲ ಮೂರನೇದರಲ್ಲೂ ಇರ್ಬೇಕು. ಒಂದರಲ್ಲಿ ಹೇರ್ ಸ್ಪಾ, ಇನ್ನೊಂದರಲ್ಲಿ ಫೇಶಿಯಲ್, ಮತ್ತೊಂದರಲ್ಲಿ ವ್ಯಾಕ್ಸ್ ಅಂತ ಮಾಡಿದ್ರೆ ಕಸ್ಟಮರ್ ಯಾವುದನ್ನ ಯಾವುದಕ್ಕೆ ಹೋಲಿಸಬೇಕು? ತಲೆ ಕೆಟ್ಟು "ಐಬ್ರೋ ಸಾಕು ಬಿಡಿ" ಅಂತಾರೆ. ನಮ್ಮ ಪಾರ್ಲರಿಗೆ ಹೀಗೆ ಮಾಡೋಣ:

ಕೂದಲಿಗೆ: ಐಬ್ರೋ, ಹೇರ್ ಸ್ಪಾ. ಬಿಡಿಯಾಗಿ 850, ಕಾಂಬೋ 800.
ಕೂದಲು, ಪಾದ: ಮೊದಲನೇದರಲ್ಲಿ ಇರೋದೆಲ್ಲ, ಜೊತೆಗೆ ಪೆಡಿಕ್ಯೂರ್. ಬಿಡಿಯಾಗಿ 1450, ಕಾಂಬೋ 1200.
ತಲೆಯಿಂದ ಪಾದದವರೆಗೆ: ಎರಡನೇದರಲ್ಲಿ ಇರೋದೆಲ್ಲ, ಜೊತೆಗೆ ಫೇಶಿಯಲ್, ಮೆನಿಕ್ಯೂರ್. ಬಿಡಿಯಾಗಿ 2600, ಕಾಂಬೋ 2200.

ಇಲ್ಲಿ ನೋಡ್ಬೇಕಾಗಿರೋದು ಮೂರು ರೇಟಿನ ಮಧ್ಯದ ಅಂತರ. ಮೊದಲನೇದರಿಂದ ಎರಡನೇದಕ್ಕೆ 400 ರೂಪಾಯಿ, ಎರಡನೇದರಿಂದ ಮೂರನೇದಕ್ಕೆ 1000. ಮೊದಲನೇ ಮೆಟ್ಟಿಲು ಹತ್ತೋದು ಸುಲಭ ಇರ್ಬೇಕು, 600 ರೂಪಾಯಿ ಪೆಡಿಕ್ಯೂರ್ 400ಕ್ಕೆ ಸಿಗುತ್ತೆ ಅನ್ನೋದು ಯಾರೂ ಹೇಳ್ದೇನೇ ಕಾಣುತ್ತೆ. ಮೂರನೇದಕ್ಕೆ ಹೋದ್ರೆ 1150 ರೂಪಾಯಿ ಕೆಲಸ 1000ಕ್ಕೆ, ಲಾಭ ಇದೆ ಆದ್ರೆ ಅಷ್ಟೇನಿಲ್ಲ. ಡಿಸ್ಕೌಂಟಿನಲ್ಲೂ ಹಾಗೇ, ಮಧ್ಯದ್ದರಲ್ಲಿ ಹೆಚ್ಚುಕಮ್ಮಿ 17 ಪರ್ಸೆಂಟ್, ಮೇಲಿನದರಲ್ಲಿ ಅಂದ್ರೆ 2200ರದ್ದರಲ್ಲಿ 15, ಕೆಳಗಿನದರಲ್ಲಿ ಅಂದ್ರೆ 800ರದ್ದರಲ್ಲಿ 6. ಎಲ್ಲಕ್ಕೂ ಒಂದೇ ಪರ್ಸೆಂಟ್ ಕೊಟ್ರೆ ಮಧ್ಯಕ್ಕೆ ಯಾವ ಸೆಳೆತನೂ ಇರಲ್ಲ.

ನಿಮಗೆ ಯಾವುದರಲ್ಲಿ ಉಳಿಯುತ್ತೆ ಅಂತನೂ ನೋಡಿ. ಮೊದಲನೇದರಲ್ಲಿ ಸಾಮಾನು 130 ಹೋಗಿ 670 ಉಳಿಯುತ್ತೆ, 70 ನಿಮಿಷದ ಕೆಲಸ, ಅಂದ್ರೆ ಗಂಟೆಗೆ ಸುಮಾರು 575. ಮಧ್ಯದ್ದರಲ್ಲಿ 190 ಹೋಗಿ 1010 ಉಳಿಯುತ್ತೆ, 80 ನಿಮಿಷಕ್ಕೆ, ಗಂಟೆಗೆ ಸುಮಾರು 757. ಮೇಲಿನದು ಫೇಶಿಯಲ್, ಮೆನಿಕ್ಯೂರ್ ಎಲ್ಲ ಸೇರಿ 160 ನಿಮಿಷ ಅಂತ ಹಿಡಿದ್ರೆ 1845 ಉಳಿದ್ರೂ ಗಂಟೆಗೆ ಸುಮಾರು 692. ಮಧ್ಯದ್ದೇ ಜಾಸ್ತಿ ಬಂತಲ್ವಾ, ಅದಕ್ಕೇ ಅದನ್ನ ಮಧ್ಯದಲ್ಲಿಟ್ಟಿದ್ದು. ನಿಮ್ಮ ಲೆಕ್ಕದಲ್ಲಿ ಕೆಳಗಿನದೇ ಗಂಟೆಗೆ ಜಾಸ್ತಿ ತರ್ತಿದ್ರೆ ಕಾಂಬೋ ತಪ್ಪಾಗಿ ಕಟ್ಟಿದ್ದೀರ ಅಂತ ಅರ್ಥ, ಬೋರ್ಡ್ ಪ್ರಿಂಟ್ ಹಾಕ್ಸೋಕೆ ಮುಂಚೆನೇ ಬದಲಾಯಿಸಿ.

ಒಂದು ಎಚ್ಚರಿಕೆ, ಈ ಲೆಕ್ಕ ನಿಂತಿರೋದೇ ನಾಲ್ಕು ಕೈ ಮೇಲೆ. ಹುಡುಗಿ ರಜೆ ಹಾಕಿದ ದಿನ ಅದೇ ಮಧ್ಯದ ಕಾಂಬೋ ಒಬ್ಬರೇ ಮಾಡಿದ್ರೆ 115 ನಿಮಿಷ ಹಿಡಿದು ಗಂಟೆಗೆ 527ಕ್ಕೆ ಇಳಿಯುತ್ತೆ, ಬರೀ ಸ್ಪಾ ಮಾಡಿದ್ದಕ್ಕಿಂತ ಕಡಿಮೆ! ಅವತ್ತು ಕಾಂಬೋಗೆ ಅಪಾಯಿಂಟ್ಮೆಂಟ್ ಇದ್ದೋರಿಗೆ ಫೋನ್ ಮಾಡಿ ಮಾರನೇ ದಿನಕ್ಕೆ ಕೇಳ್ಕೊಳ್ಳೋದು ವಾಸಿ.

ಕೆಳಗಿನದನ್ನ ಕೆಡಿಸ್ಬೇಡಿ, ಮೇಲಿನದನ್ನ ಸುಳ್ಳು ಮಾಡ್ಬೇಡಿ

ಮಧ್ಯದ್ದು ಹೋಗ್ಲಿ ಅಂತ ಕೆಲವರು ಕೆಳಗಿನ ಕಾಂಬೋದಲ್ಲಿ ಕಳಪೆ ಕ್ರೀಮ್ ಹಾಕ್ತಾರೆ. 800 ಕೊಟ್ಟವರಿಗೆ ಕೂದಲು ಒರಟಾಗೇ ಉಳಿದ್ರೆ ಅವರು 1200ರದ್ದಕ್ಕೆ ಬರಲ್ಲ, ಪಕ್ಕದ ಬೀದಿ ಪಾರ್ಲರಿಗೆ ಹೋಗ್ತಾರೆ. ಮೂರರಲ್ಲೂ ಒಂದೇ ಕ್ರೀಮು, ಒಂದೇ ಕೈ.

ಮೇಲಿನದು ಬರೀ ತೋರಿಕೆಗೆ ಇಟ್ಟಿದ್ದು, ಯಾರು ತಗೊಳ್ತಾರೆ ಬಿಡಿ ಅಂದ್ಕೊಂಡು ಫೇಶಿಯಲ್ ಕಿಟ್ಟೇ ತರಿಸದೆ ಇರೋದೂ ಉಂಟು. ಹಾಸನಾಂಬೆ ಬಾಗಿಲು ತೆಗೆದಾಗ, ಅದು ಬಂದು ನಿಲ್ಲೋದು ದೀಪಾವಳಿ ಹತ್ರ, ಊರಿಂದ ನೆಂಟರು ಬರ್ತಾರೆ, ಏಪ್ರಿಲ್ ಮೇ ಅಂದ್ರೆ ಮದುವೆ, ಆಗ "2200ರದ್ದೇ ಮಾಡಿ" ಅಂತ ಕೇಳೋರು ಬಂದೇ ಬರ್ತಾರೆ. ಆವಾಗ ಇಲ್ಲ ಅಂದ್ರೆ ಇಡೀ ಬೋರ್ಡ್ ಮೇಲಿನ ನಂಬಿಕೆ ಹೋಗುತ್ತೆ.

ಡಿಸ್ಕೌಂಟ್ ದೊಡ್ಡದಾಗಿ ಕಾಣ್ಲಿ ಅಂತ ಬಿಡಿ ರೇಟನ್ನ ರಾತ್ರೋರಾತ್ರಿ ಏರಿಸೋದೂ ಬೇಡ. "ಹೋದ ತಿಂಗಳು ಪೆಡಿಕ್ಯೂರ್ 600 ಅಲ್ವಾ ಅಕ್ಕಾ, ಈಗ 900 ಬರ್ದಿದ್ದೀರ" ಅಂತ ಖಾಯಂ ಗಿರಾಕಿ ಮುಖದ ಮೇಲೇ ಕೇಳ್ತಾರೆ.

ಬೋರ್ಡ್ ಬರೆಯೋದು

ಸಿಲ್ವರ್, ಗೋಲ್ಡ್, ಪ್ಲಾಟಿನಂ ಹೆಸರು ನನಗಂತೂ ಇಷ್ಟ ಇಲ್ಲ, ಒಳಗೇನಿದೆ ಅಂತ ಒಂದೂ ಹೇಳಲ್ಲ. "ಬೇಸಿಕ್" ಅಂತೂ ಬೇಡವೇ ಬೇಡ, ನಾಲ್ಕು ಜನರ ಎದುರಿಗೆ ಬೇಸಿಕ್ ಕೊಡಿ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಮೈಯ ಯಾವ ಭಾಗಕ್ಕೆ ಏನು ಅಂತ ಹೆಸರಿಟ್ರೆ ಓದಿದ ಕೂಡಲೇ ಗೊತ್ತಾಗುತ್ತೆ. ಮೂರನ್ನೂ ಅಕ್ಕಪಕ್ಕ ಬರೀರಿ, ಪ್ರತಿಯೊಂದರ ಕೆಳಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತಾನೂ ಹಾಕಿ, ಆಫೀಸ್ ಮುಗಿಸಿ ಬರೋರಿಗೆ 80 ನಿಮಿಷ ಅನ್ನೋದೇ ಎಷ್ಟೋ ಸಲ ರೇಟಿಗಿಂತ ಮುಖ್ಯ. ಮಧ್ಯದ್ದಕ್ಕೆ ಹಿಂದುಗಡೆ ತಿಳಿ ಬಣ್ಣ ಕೊಟ್ರೆ ಸಾಕು, ನಕ್ಷತ್ರ, ಬಾಣ, "ಸೂಪರ್ ಆಫರ್" ಎಲ್ಲ ಹಾಕಿದ್ರೆ ಏನೋ ತಲೆಗೆ ಕಟ್ತಿದ್ದಾರೆ ಅನ್ಸುತ್ತೆ. ಬಿಡಿ ರೇಟಿನ ಪಟ್ಟಿ ಇರ್ಲಿ, ಆದ್ರೆ ಕೆಳಗೆ, ಸಣ್ಣ ಅಕ್ಷರದಲ್ಲಿ. ಐಬ್ರೋಗೆ ಅಂತ್ಲೇ ಹದಿನೈದು ದಿನಕ್ಕೊಂದ್ಸಲ ಬರೋರಿಗೆ ಕಾಂಬೋ ಹೇಳಿ ಹೇಳಿ ಬೇಜಾರು ಮಾಡ್ಬೇಡಿ.

ತಿಂಗಳಾದ ಮೇಲೆ ಪುಸ್ತಕ ತೆಗೀರಿ

ಕಾಂಬೋ ತಗೊಂಡವರು ಯಾವುದು ತಗೊಂಡ್ರು ಅಂತ ಗೀಟು ಹಾಕ್ಕೊಂಡು ಬನ್ನಿ, ಕಮ್ಮಿ ಅಂದ್ರೂ ಮೂವತ್ತು ನಲವತ್ತು ಜನ ಆಗೋ ತನಕ ಏನೂ ತೀರ್ಮಾನ ಮಾಡ್ಬೇಡಿ. ಹತ್ತರಲ್ಲಿ ಐದಾರು ಜನ ಮಧ್ಯದ್ದು, ಒಬ್ರೋ ಇಬ್ರೋ ಮೇಲಿನದು ಅಂದ್ರೆ ಸರಿಯಾಗಿದೆ. ಮೇಲಿನದೇ ಜಾಸ್ತಿ ಹೋಗ್ತಿದ್ರೆ ಖುಷಿ ಪಡೋಕೆ ಮುಂಚೆ ಅದರ ರೇಟು ಕಮ್ಮಿ ಆಯ್ತಾ ನೋಡಿ. ಕೆಳಗಿನದೇ ಹೋಗ್ತಿದ್ರೆ 400ರ ಮೆಟ್ಟಿಲು ನಿಮ್ಮ ಏರಿಯಾಗೆ ಎತ್ತರ ಆಗಿರಬಹುದು, 350 ಮಾಡಿ ನೋಡಿ. "ಪೆಡಿಕ್ಯೂರ್ ಬೇಡ, ಅದರ ಬದಲು ವ್ಯಾಕ್ಸ್ ಹಾಕಿ" ಅಂತ ಮತ್ತೆ ಮತ್ತೆ ಕೇಳ್ತಿದ್ರೆ ತೊಂದರೆ ರೇಟಲ್ಲಿಲ್ಲ, ಐಟಮ್ಮಲ್ಲೇ ಇದೆ, ರೇಟ್ ಇಳಿಸಿ ಪ್ರಯೋಜನ ಇಲ್ಲ. ಮಧ್ಯಕ್ಕೆ ವ್ಯಾಕ್ಸ್ ತಂದು, ನಿಮಿಷದ ಲೆಕ್ಕ ಮತ್ತೆ ಮೊದಲಿಂದ ಹಾಕಿ, ಯಾಕಂದ್ರೆ ವ್ಯಾಕ್ಸು ಸ್ಪಾ ಜೊತೆ ಪೆಡಿಕ್ಯೂರಿನಷ್ಟು ಸಲೀಸಾಗಿ ಸೇರಲ್ಲ.

ಮುಂದೆ ಸ್ಪಾ ಕ್ರೀಮಿನ ರೇಟ್ ಏರಿ ತಲೆಗೆ 40 ರೂಪಾಯಿ ಜಾಸ್ತಿ ಬಿದ್ರೆ ಮಧ್ಯದ್ದೊಂದನ್ನೇ 50 ಏರಿಸೋಕೆ ಹೋಗ್ಬೇಡಿ, 400 ಇದ್ದ ಅಂತರ 450 ಆಗಿ ಜನ ಕೆಳಗಿಳೀತಾರೆ. ಸ್ಪಾ ಮೂರರಲ್ಲೂ ಇದೆ, ಮೂರಕ್ಕೂ 50 ಸೇರಿಸಿ: 850, 1250, 2250. ಸ್ಪಾದ ಬಿಡಿ ರೇಟನ್ನೂ ಅವತ್ತೇ 850 ಅಂತ ತಿದ್ದಿ.